ಉಂಡ ಮನೆಯ ಜಂತೆ ಎಣಿಸಿದರೆ ತಪ್ಪೇನು?

ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕೇಳಿ ಬೆಳೆದವರಿಗೆ ಹೋಮ್‌ಸ್ಟೇ ವಿಮರ್ಶೆ ಬರೆಯುವುದು ಪೇಚಿನ ಕೆಲಸ. ಲಾಡ್ಜ್ ಆದರೆ ಕೈ ತಡೆಯುವುದಿಲ್ಲ. ಚಾದರ ಮಾಸಿತ್ತು, ಮ್ಯಾನೇಜರ್ ಒರಟ ಎಂದು ಬರೆದು ಬಸ್ಸು ಹತ್ತಿಬಿಡಬಹುದು. ಆದರೆ ಮನೆಯಾಕೆ ಬಿಸಿ ರೊಟ್ಟಿ ಬಡಿದು, ಎಣ್ಣೆಗಾಯಿ ಬಡಿಸಿ, ಹೊರಡುವಾಗ ಮಕ್ಕಳ ಕೈಗೆ ಸವಣೂರು ಖಾರದ ಪೊಟ್ಟಣ ಇಟ್ಟಮೇಲೆ ‘ಬಚ್ಚಲು ನಾರುತ್ತಿತ್ತು’ ಎಂದು ಬರೆಯಲು ಯಾರಿಗೆ ಮನಸ್ಸಾಗುತ್ತದೆ? ಹೆಚ್ಚಿನವರು ಐದು ಸ್ಟಾರ್ ಒತ್ತಿ ಸುಮ್ಮನಾಗುತ್ತಾರೆ.

ಈ ದಾಕ್ಷಿಣ್ಯ ನಮ್ಮವರಿಗಷ್ಟೇ ಅಂಟಿದ್ದಲ್ಲ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಏರ್‌ಬಿಎನ್‌ಬಿಯ ಮನೆಗಳ ಅಂಕಗಳನ್ನು ಒಟ್ಟುಹಾಕಿ ನೋಡಿದಾಗ, ಹೆಚ್ಚುಕಡಿಮೆ ಶೇ 95ರಷ್ಟು ಮನೆಗಳ ಸರಾಸರಿ ನಾಲ್ಕೂವರೆ ಅಥವಾ ಐದು ಸ್ಟಾರ್ ಇತ್ತು. ಎಲ್ಲರೂ ಫಸ್ಟ್ ಕ್ಲಾಸ್ ಪಾಸಾದ ಮೇಲೆ ಅಂಕಪಟ್ಟಿ ನೋಡಿ ಮಾಡುವುದೇನು? ಅತಿಥಿ ಮತ್ತು ಆತಿಥೇಯ ಒಬ್ಬರಿಗೊಬ್ಬರು ಹೆದರಿ ಹೊಗಳಬಾರದೆಂದು ಆ ಕಂಪನಿ 2014ರಲ್ಲೇ ಒಂದು ಪರದೆ ಎಳೆದಿತ್ತು. ಇಬ್ಬರೂ ಬರೆದು ಮುಗಿಸುವವರೆಗೆ, ಇಲ್ಲವೇ 14 ದಿನ ಕಳೆಯುವವರೆಗೆ, ಒಬ್ಬರ ಮಾತು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆದರಿಕೆಗೆ ಇದು ಮದ್ದಾದೀತು. ರೊಟ್ಟಿಯ ಋಣಕ್ಕೆ ಮದ್ದಲ್ಲ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಬಂದರೆ ಮಾತು ಇನ್ನೂ ಸೂಕ್ಷ್ಮ. ಕೊಡಗು, ಚಿಕ್ಕಮಗಳೂರಿನ ಹಾಗೆ ಇಲ್ಲಿ ಹೆಜ್ಜೆಗೊಂದು ಹೋಮ್‌ಸ್ಟೇ ಇಲ್ಲ. ತಾರಕೇಶ್ವರ ಗುಡಿ ನೋಡಲು, ಕನಕದಾಸರ ಬಾಡ ಮತ್ತು ಶರೀಫರ ಶಿಶುನಾಳಕ್ಕೆ ಹೋಗಲು, ಸವಣೂರಿನ ದೊಡ್ಡಹುಣಸೆ ಮರಗಳ ಕೆಳಗೆ ನಿಲ್ಲಲು ಬರುವವರು ಬಹುಪಾಲು ಹುಬ್ಬಳ್ಳಿಗೋ ಹಾವೇರಿಗೋ ಮರಳಿ ಮಲಗುತ್ತಾರೆ. ಅಂಥಲ್ಲಿ ಧೈರ್ಯ ಮಾಡಿ ಎರಡು ಕೋಣೆ ತೆರೆದಿಟ್ಟವರಿಗೆ ವರ್ಷಕ್ಕೆ ಬರುವ ವಿಮರ್ಶೆಗಳೇ ಬೆರಳೆಣಿಕೆ. ನಾಲ್ವರು ಐದೈದು ಸ್ಟಾರ್ ಕೊಟ್ಟ ಮನೆಗೆ ಐದನೆಯವರು ಸಿಟ್ಟಿನಲ್ಲಿ ಒಂದು ಒತ್ತಿದರೆ ಸರಾಸರಿ 4.2ಕ್ಕೆ ಕುಸಿಯುತ್ತದೆ. ಇನ್ನೂರು ವಿಮರ್ಶೆಗಳಿರುವ ಮಡಿಕೇರಿಯ ಮನೆಗೆ ಅದೇ ಒಂದು ಸ್ಟಾರ್ ತಾಗುವುದೂ ಇಲ್ಲ. ಹಾಗಾಗಿ ಇಲ್ಲಿ ಅಂಕಕ್ಕಿಂತ ಅಂಕದ ಕೆಳಗೆ ಬರೆಯುವ ನಾಲ್ಕು ಸಾಲಿಗೇ ತೂಕ. ಆ ಸಾಲುಗಳಲ್ಲಿ ಒಂದು ಭೇದ ಕಾಣಬೇಕು: ಮನೆಯವರು ಸರಿಪಡಿಸಬಹುದಾದದ್ದು ಯಾವುದು, ಅವರ ಕೈಯಲ್ಲಿಲ್ಲದ್ದು ಯಾವುದು.

ಗದ್ದಲವನ್ನೇ ತೆಗೆದುಕೊಳ್ಳಿ. ಏರ್‌ಬಿಎನ್‌ಬಿಯಲ್ಲಿ ಸ್ವಚ್ಛತೆ, ಜಾಗ, ಸಂವಹನ ಮುಂತಾದ ಆರು ಬಾಬುಗಳಿಗೆ ಬೇರೆಬೇರೆ ಅಂಕವಿದೆ, ಗದ್ದಲಕ್ಕೆಂದು ಒಂದಿಲ್ಲ. ನಿದ್ದೆಗೆಟ್ಟವರ ಸಿಟ್ಟು ಹೋಗಿ ‘ಜಾಗ’ದ ಮೇಲೋ, ಪಾಪದ ಮನೆಯವರ ಮೇಲೋ ಬೀಳುತ್ತದೆ. ಹಾನಗಲ್ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಡಿಸೆಂಬರಿನಲ್ಲಿ ಭತ್ತದ ರಾಶಿ ನಡೆದಿದೆ, ಪಕ್ಕದ ಕಣದಲ್ಲಿ ಮೆಷಿನ್ ರಾತ್ರಿ ಹನ್ನೊಂದರವರೆಗೂ ಮೊರೆಯುತ್ತದೆ. ಬೆಳಗಿನ ಜಾವ ಗುಡಿಯ ಮೈಕು ಏಳುತ್ತದೆ, ಅದರ ಹಿಂದೆಯೇ ಹಾಲಿನ ಟೆಂಪೊ. ನಡುವೆ ಮನೆಯವರ ಟಿ.ವಿ. ಧಾರಾವಾಹಿ ಗೋಡೆ ದಾಟಿ ಬರುತ್ತದೆ. ‘ಭಯಂಕರ ಗದ್ದಲ’ ಎಂದು ಬರೆದರೆ ಎಲ್ಲವೂ ಒಂದೇ ಆಗಿಬಿಟ್ಟವು. ಟಿ.ವಿ. ಮನೆಯವರದು, ಹೇಳಿದರೆ ಸಣ್ಣದು ಮಾಡಬಹುದು, ಮಾಡದಿದ್ದರೆ ಅಂಕ ಕಳೆಯಬಹುದು. ಮೈಕು ಊರಿನದು. ಧ್ವನಿವರ್ಧಕಗಳಿಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧವಿದೆಯೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ; ಜಾರಿ ಮಾಡಬೇಕಾದವರು ಹೋಮ್‌ಸ್ಟೇ ಯಜಮಾನರಲ್ಲ. ಆದರೆ ‘ಪ್ರಶಾಂತ ತಾಣ’ ಎಂದು ಜಾಹೀರಾತು ಹಾಕಿದ್ದರೆ ಆ ಸುಳ್ಳು ಮಾತ್ರ ಅವರದೇ. ಇನ್ನು ರಾಶಿ ಮೆಷಿನ್ನು ಸುಗ್ಗಿಯದು. ಏಪ್ರಿಲ್‌ನಲ್ಲಿ ಅದೇ ಕೋಣೆಯಲ್ಲಿ ಮಲಗಿದವರಿಗೆ ಅದರ ಸುಳಿವೂ ಸಿಗುವುದಿಲ್ಲ. ಹಿರೇಕೆರೂರು ಸೀಮೆಯ ಗೋವಿನಜೋಳದ ರಾಶಿಗೂ, ದೀಪಾವಳಿಯ ನಂತರದ ಹೋರಿ ಹಬ್ಬದ ಪಟಾಕಿ, ಕೇಕೆಗಳಿಗೂ ಇದೇ ಮಾತು. ಆದ್ದರಿಂದ ಯಾವ ತಿಂಗಳು, ಯಾವ ದಿಕ್ಕಿನ ಕೋಣೆ ಎಂಬುದನ್ನು ಬರೆಯದ ಗದ್ದಲದ ದೂರು ಯಾರಿಗೂ ಉಪಯೋಗಕ್ಕೆ ಬಾರದು. ಶಿಗ್ಗಾವಿಯ ಹೆದ್ದಾರಿ ಬದಿಯ ಕೋಣೆಗೆ ಮಾತ್ರ ಈ ರಿಯಾಯಿತಿ ಇಲ್ಲ; ಪುಣೆ-ಬೆಂಗಳೂರು ರಸ್ತೆಯ ಲಾರಿಗಳಿಗೆ ಸುಗ್ಗಿಯೂ ಇಲ್ಲ, ರಜೆಯೂ ಇಲ್ಲ. ಬಂಕಾಪುರದ ಕೋಟೆಗೆ ನವಿಲು ನೋಡಲೆಂದೇ ಹೋಗಿ, ಮಳೆಗಾಲದ ನಸುಕಿನಲ್ಲಿ ಅವು ಕೂಗಿ ಎಬ್ಬಿಸಿದವೆಂದು ದೂರುವವರಿಗೆ ಹೇಳುವುದೇನೂ ಇಲ್ಲ.

ಸ್ವಚ್ಛತೆಯಲ್ಲಿ ಕಣ್ಣು ಮೋಸ ಹೋಗುವುದೇ ಹೆಚ್ಚು. ಹಳೆಯ ಹೆಂಚಿನ ಮನೆಯ ಗೋಡೆಯಲ್ಲಿ ಹಲ್ಲಿ ಇದ್ದರೆ ಅದು ಕೊಳಕಲ್ಲ. ಕೊಳವೆಬಾವಿಯ ಗಡಸು ನೀರಿನಿಂದ ನಲ್ಲಿ, ಬಕೆಟ್ಟಿನ ಮೇಲೆ ಕೂತ ಬಿಳಿ ಕರೆಯೂ ಕೊಳಕಲ್ಲ. ಬಕೆಟ್ಟಿನ ಒಳಬದಿಗೆ ಬೆರಳಾಡಿಸಿದಾಗ ಲೋಳೆ ಹತ್ತಿದರೆ ಅದು ಕೊಳಕು. ಹಾಸಿಗೆಯ ಮೂಲೆ ಎತ್ತಿ ಹೊಲಿಗೆಯ ಉದ್ದಕ್ಕೂ ನೋಡಿದಾಗ ತುಕ್ಕಿನ ಬಣ್ಣದ, ಕಪ್ಪನೆಯ ಚುಕ್ಕೆಗಳಿದ್ದರೆ ತಗಣಿ ಇದೆಯೆಂದು ಅನುಮಾನಿಸಬೇಕು, ಮೇಲೆ ಎಷ್ಟೇ ಗರಿಗರಿ ಚಾದರ ಹಾಸಿರಲಿ. ಬಚ್ಚಲಿನ ವಾಸನೆಗೆ ಎಷ್ಟೋ ಸಲ ಕಾರಣ ಸಣ್ಣದು: ಬಹಳ ದಿನ ಬಳಸದ ಕೋಣೆಯಲ್ಲಿ ಮೋರಿಯ ಬಾಗಿದ ಕೊಳವೆಯಲ್ಲಿ ನಿಲ್ಲಬೇಕಾದ ನೀರು ಒಣಗಿ, ಗಟಾರದ ಗಾಳಿ ಒಳಗೆ ಬರುತ್ತದೆ. ಎರಡು ಚೊಂಬು ನೀರು ಹುಯ್ದು ಅರ್ಧ ತಾಸು ಕಾದು ನೋಡಿ. ವಾಸನೆ ಹೋದರೆ ಅದು ಗಿರಾಕಿ ಕಡಿಮೆಯಿದ್ದುದರ ಗುರುತು. ಹೋಗದಿದ್ದರೆ ಬರೆಯಬೇಕಾದ ಸಂಗತಿ.

ಬರೆಯುವ ಮೊದಲು ಹೇಳಬೇಕು. ‘ಅಕ್ಕಾರ, ಚಾದರ ಬದಲಿ ಮಾಡಿಕೊಡ್ರಿ’ ಎಂದು ರಾತ್ರಿಯೇ ಕೇಳಿದಾಗ ಹತ್ತು ನಿಮಿಷದಲ್ಲಿ ಬೇರೆ ಚಾದರ ಬಂತೋ, ‘ನಿನ್ನೆನ ಒಗ್ದೇವ್ರಿ’ ಎಂಬ ವಾದ ಬಂತೋ ಎಂಬುದು ಆ ಮನೆಯ ನಡವಳಿಕೆಯನ್ನು ಉಳಿದೆಲ್ಲ ಉಪಚಾರಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ವಿಮರ್ಶೆಯಲ್ಲಿ ‘ಒಳ್ಳೆಯವರು’, ‘ಸೊಕ್ಕಿನವರು’ ಎಂಬ ಪಟ್ಟ ಬೇಡ, ನಡೆದದ್ದು ಸಾಕು. ಬಾಗಿಲು ತಟ್ಟದೆ ಒಳಗೆ ಬಂದರು, ಫೋನಿನಲ್ಲಿ ಹೇಳಿದ ದರಕ್ಕೆ ಊಟದ ಹಣ ಆಮೇಲೆ ಸೇರಿಸಿದರು, ‘ನೀವು ಯಾವ ಮಂದಿ?’ ಎಂದು ಕೇಳಿದಮೇಲೆ ಅಡುಗೆಮನೆಯ ಕಡೆ ಬಿಡಲಿಲ್ಲ ಎಂದು ಬರೆದರೆ ಓದುವವರು ತಾವೇ ತೀರ್ಮಾನಿಸುತ್ತಾರೆ. ಈ ಕೊನೆಯದನ್ನು ಸಂಕೋಚಪಟ್ಟು ಮುಚ್ಚಿಡುವವರೇ ಹೆಚ್ಚು. ಮುಂದಿನ ಅತಿಥಿಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಅದೇ. ‘ಐದು ಸ್ಟಾರ್ ಕೊಡ್ರಿ, ಊಟದ ಬಿಲ್ ಬಿಡ್ತೀವಿ’ ಎಂದರೆ ಒಪ್ಪಲಾಗದು. ಹಣಕ್ಕೆ ಕೊಂಡ ವಿಮರ್ಶೆ ಪ್ರಕಟವಾಗಬಾರದು ಎಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ತಂದ ಮಾನಕವೇ ಹೇಳುತ್ತದೆ.

ಜಾಗದ ಮಾತು ಚಿಕ್ಕದು. ಹಾನಗಲ್ಲಿಗೂ ಹಿರೇಕೆರೂರಿಗೂ ರೈಲಿಲ್ಲ. ಸ್ವಂತ ಕಾರಿಲ್ಲದವರಿಗೆ ‘ರಮಣೀಯ ಪರಿಸರ’ಕ್ಕಿಂತ ಕೊನೆಯ ಬಸ್ಸು ಎಷ್ಟು ಗಂಟೆಗೆ, ಸ್ಟ್ಯಾಂಡಿನಿಂದ ಎಷ್ಟು ನಡೆಯಬೇಕು ಎಂಬುದೇ ಬೇಕು. ಊರ ಹೊರಗಿದೆ ಎಂದು ಮೊದಲೇ ತಿಳಿಸಿದ್ದ ಮನೆಗೆ ದೂರವೆಂಬ ಕಾರಣಕ್ಕೆ ಅಂಕ ಕಡಿಯುವುದು ಅನ್ಯಾಯ.

ಮೇಲೆ ಕಲ್ಪಿಸಿಕೊಂಡ ಹಾನಗಲ್ ಕಡೆಯ ಮನೆಗೆ ಹೀಗೊಂದು ವಿಮರ್ಶೆ ಸಾಕು: ‘ಡಿಸೆಂಬರ್ ಎರಡನೇ ವಾರ, ರಸ್ತೆ ಕಡೆಯ ಕೋಣೆ. ಹಾಸಿಗೆ, ಚಾದರ ಶುದ್ಧ. ಬಚ್ಚಲಿನ ವಾಸನೆ ನೀರು ಹುಯ್ದ ಮೇಲೂ ಹೋಗಲಿಲ್ಲ. ಹೇಳಿದೆವು, ರಿಪೇರಿ ಮಾಡಿಸುವುದಾಗಿ ಒಪ್ಪಿದರು. ಟಿ.ವಿ. ಸದ್ದು ಕೇಳಿದ ಕೂಡಲೇ ತಗ್ಗಿಸಿದರು. ಸುಗ್ಗಿಯ ಮೆಷಿನ್ ಹನ್ನೊಂದರವರೆಗೆ, ಗುಡಿಯ ಮೈಕು ನಸುಕಿಗೆ. ನಿದ್ದೆ ಸೂಕ್ಷ್ಮವಿದ್ದವರು ಹಿತ್ತಲ ಕಡೆಯ ಕೋಣೆ ಕೇಳಿ. ಊಟ ಚೆನ್ನಾಗಿತ್ತು, ಹೇಳಿದ ದರವನ್ನೇ ತೆಗೆದುಕೊಂಡರು.’ ಸ್ವಚ್ಛತೆಗೆ ಮೂರು, ಒಟ್ಟು ನಾಲ್ಕು ಸ್ಟಾರ್.