ನದಿಗೆ ಎಸೆದರೆ ನಿರ್ಮಾಲ್ಯವೂ ಕಸವೇ



ಗುಡಿಯ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊಳೆಗೆ ಎಸೆದು ಕೈಮುಗಿಯುವುದು ಯಾವ ಭಕ್ತಿ? ಕೂಡಲಸಂಗಮವನ್ನೇ ನೋಡಿ. ಕೃಷ್ಣೆ, ಮಲಪ್ರಭೆ ಕೂಡುವ ಆ ಸ್ಥಳ ಇಂದು ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಅಲ್ಲಿ ನೀರು ಹರಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅಂಥ ನೀರಿಗೆ ಹಾಕಿದ ಹೂವು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತದೆ, ಮೀನು ಉಸಿರುಗಟ್ಟುತ್ತದೆ.

“ನಿರ್ಮಾಲ್ಯವನ್ನು ತುಳಿಯಬಾರದು, ಅದಕ್ಕೇ ನದಿಗೆ ಬಿಡುತ್ತೇವೆ” ಎನ್ನುವವರಿದ್ದಾರೆ. ತುಳಿಯುವುದು ಬೇಡ. ಗೊಬ್ಬರ ಮಾಡಿ ಹೂಗಿಡದ ಬುಡಕ್ಕೆ ಹಾಕಿದರೆ ಅದು ಮತ್ತೆ ಹೂವಾಗಿ ಪೂಜೆಗೇ ಬರುತ್ತದೆ. ಕೆಳಗಿನ ಊರಿನವರು ಕುಡಿಯುವ ನೀರಿಗೆ ಕೊಳೆತದ್ದನ್ನು ಬೆರೆಸುವುದೇ ನಿಜವಾದ ತುಳಿತ.

ದಿನಕ್ಕೆ ಸರಾಸರಿ 5 ಕಿಲೋ ಹೂವು ಬರುವ ಒಂದು ಮಠವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಕ್ಕೆ ನೆರಳಿನಲ್ಲಿ, ಇಟ್ಟಿಗೆಗಳ ನಡುವೆ ಗಾಳಿಗೆ ಸಂದು ಬಿಟ್ಟು ಕಟ್ಟಿದ 4 ಅಡಿ ಅಗಲ, 4 ಅಡಿ ಎತ್ತರದ ಮೂರು ತೊಟ್ಟಿ ಸಾಕು. ಮೊದಲು ಮಾಲೆಯ ದಾರ, ಜರಿ, ಪ್ಲಾಸ್ಟಿಕ್ ತೆಗೆಯಬೇಕು. ಎಲ್ಲ ಕೆಡುವುದು ಈ ಕೆಲಸಕ್ಕೆ ಬೇಸರಪಟ್ಟಾಗಲೇ. ಹೂವಿನಲ್ಲಿ ನೀರೇ ಹೆಚ್ಚು. ಆದ್ದರಿಂದ ಒಂದು ಬುಟ್ಟಿ ಹೂವಿಗೆ ಒಂದು ಬುಟ್ಟಿ ಒಣ ಎಲೆ ಅಥವಾ ಕಬ್ಬಿನ ರವದಿ ಹಾಕಿ, ಮೇಲೆ ಸ್ವಲ್ಪ ಸಗಣಿ ನೀರು ಚಿಮುಕಿಸಿ. ವಾರಕ್ಕೊಮ್ಮೆ ಮಗುಚಿ. ಒಂದು ತಿಂಗಳಿಗೆ ಒಂದು ತೊಟ್ಟಿ ತುಂಬುತ್ತದೆ, ಮುಂದಿನ ಎರಡು ತಿಂಗಳು ಅದು ಮಾಗಬೇಕು. ಆ ತಿಂಗಳ 150 ಕಿಲೋ ಹೂವಿನಿಂದ, ಎಲೆಯೂ ಸೇರಿ, ಸುಮಾರು 50 ಕಿಲೋ ಗೊಬ್ಬರ ನಿರೀಕ್ಷಿಸಬಹುದು.

ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬಂದರೆ ತೇವ ಸರಿಯಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ನಿಂತಿದೆ. ಒಣ ಎಲೆ ಸೇರಿಸಿ ಮಗುಚಿ. ಕಪ್ಪಾಗಿ, ತಣ್ಣಗಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಗೊಬ್ಬರ ಸಿದ್ಧ. ಅಭಿಷೇಕದ ಹಾಲು, ತುಪ್ಪ, ಎಣ್ಣೆ ಬೀಳದಿರಲಿ, ನೊಣ ಮುತ್ತುತ್ತವೆ. ಅಗ್ಗದ ಕುಂಕುಮದಲ್ಲಿ ಕೃತಕ ಬಣ್ಣವಿರುತ್ತದೆ. ಅದು ಮೆತ್ತಿದ ಹೂವನ್ನು ಬೇರೆ ಇಡಿ, ಈ ಗೊಬ್ಬರವನ್ನು ಸೊಪ್ಪಿನ ಮಡಿಗೆ ಹಾಕಬೇಡಿ.

ಊದಿನಕಡ್ಡಿಯ ಮಾತೂ ಕೇಳಿಬರುತ್ತದೆ. ಹೂವನ್ನು ಒಣಗಿಸಿ ಪುಡಿಮಾಡಿ, ಅಂಟಿನ ಪುಡಿ ಬೆರೆಸಿ ಹೊಸೆಯಬಹುದು. ಆದರೆ ಒಣಗಿದ ಸೇವಂತಿಗೆ ಸುವಾಸನೆ ಕೊಡುವುದಿಲ್ಲ, ಪರಿಮಳ ಹೊರಗಿನಿಂದ ಸೇರಿಸಬೇಕು. ಮಳೆಗಾಲದಲ್ಲಿ ಹೂವು ಒಣಗದೆ ಬೂಷ್ಟು ಹಿಡಿಯುತ್ತದೆ. ಒಣಗಿಸುವ ಕೋಣೆ, ಆಳು, ಮಾರಾಟದ ದಾರಿ ಇರುವ ದೊಡ್ಡ ಕ್ಷೇತ್ರಕ್ಕೆ ಅದು ಸರಿ. ಊರ ಮಠಕ್ಕೆ ಗೊಬ್ಬರವೇ ಸಾಕು.

ಹೂಗಾರ ಮಾದಯ್ಯನವರಿಗೆ ಹೂ ಕಟ್ಟುವುದು ಕಾಯಕವಾಗಿತ್ತು. ಕಟ್ಟಿದ ದಾರವನ್ನು ಬಿಚ್ಚುವುದೂ ಕಾಯಕವೇ. ಅದನ್ನು ಕೀಳೆಂದು ಕೂಲಿಯಾಳಿಗೆ ತಳ್ಳುವವರು ಕಾಯಕದ ಹೆಸರೆತ್ತದಿರಲಿ. ಮುಂದಿನ ಶಿವಾನುಭವ ಗೋಷ್ಠಿಯೊಳಗೆ ನಿಮ್ಮ ಮಠದ ಹೂವು ಎಲ್ಲಿಗೆ ಹೋಗುತ್ತದೆಂದು ಕೇಳಿ. ಉತ್ತರ “ಹೊಳೆಗೆ” ಎಂದಾದರೆ, ಅಂದೇ ಇಟ್ಟಿಗೆ ತರಿಸಿ.