"ಕೃಪೆ ತೋರಬೇಕೆಂದು ಬೇಡಿಕೊಳ್ಳುತ್ತೇನೆ" ಅನ್ನೋ ಸಾಲನ್ನ ಹೊಡೆದು ಹಾಕ್ರಿ



ಸ್ವಲ್ಪ ಉದ್ದ ಪೋಸ್ಟ್. ಕೊನೇತನಕ ಓದ್ರಿ. ನಿಮ್ಮ ಊರಾಗ ನರ್ಸಿಂಗ್ ಓದೋ ಹುಡುಗಿ ಇದ್ರೆ ಅವಳಿಗೂ ಕಳಿಸ್ರಿ.

ನರ್ಸಿಂಗ್ ಓದೋ ನಮ್ಮ ಹುಡುಗಿಯರು ಪ್ರಿನ್ಸಿಪಾಲರಿಗೆ ಬರೆಯೋ ಪತ್ರಗಳು ವರ್ಷಾ ವರ್ಷ ನನ್ನ ಫೋನಿಗೆ ಬರ್ತಾವೆ, "ಅಣ್ಣಾ, ಇದು ಸರಿ ಐತೇನು ನೋಡ್ರಿ" ಅಂತ. ಎಲ್ಲಾ ಪತ್ರನೂ ಒಂದೇ ಅಚ್ಚು. "ನಾನು ಕಡು ಬಡ ಕುಟುಂಬದವಳಾಗಿದ್ದು, ತಂದೆ ತಾಯಿ ಕೂಲಿ ಮಾಡುತ್ತಿದ್ದು, ತಾವು ದೊಡ್ಡ ಮನಸ್ಸು ಮಾಡಿ ಕೃಪೆ ತೋರಬೇಕೆಂದು ಬೇಡಿಕೊಳ್ಳುತ್ತೇನೆ." ಎಷ್ಟು ಹಣ, ಯಾವ ದಿನ, ಯಾಕೆ ತಡ, ಒಂದೂ ಇರೋದಿಲ್ಲ. ಬಡತನ ಮಾತ್ರ ಇರ್ತದೆ.

ಈ ವರ್ಷ ಬಂದ ಒಂದು ಪತ್ರ ಮುಂದಿಟ್ಟು ಮಾತಾಡ್ತೀನಿ. ಹುಡುಗಿ ಸಿರುಗುಪ್ಪ ತಾಲ್ಲೂಕಿನವಳು. ಬಳ್ಳಾರಿಯ ಒಂದು ಖಾಸಗಿ ಕಾಲೇಜಿನಾಗ ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ. ಹುಡುಗಿ ಹೆಸರೂ ಬೇಡ, ಕಾಲೇಜಿನ ಹೆಸರೂ ಬೇಡ. ಅವಳು ಇನ್ನೂ ಅಲ್ಲೇ ಓದಬೇಕು. ಅವ್ವ ಭತ್ತದ ಗದ್ದೆಗೆ ನಾಟಿ, ಕಳೆ, ಕೊಯ್ಲು ಅಂತ ಹೋಗ್ತಾಳೆ. ಬ್ಯಾಸಿಗಿ ಮುಂದೆ ಇಡೀ ಮನೆ ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸೋಕೆ ಹೋಗ್ತದೆ. ವರ್ಷದ ಫೀಸು 80,000. ಕಟ್ಟಿದ್ದು 18,000. ಬಾಕಿ 62,000. "ಹದಿನೈದು ದಿನದಾಗ ಪೂರ್ತಿ ಕಟ್ಟು, ಇಲ್ಲಾಂದ್ರ ಪೋಸ್ಟಿಂಗಿಗೆ ಬರಬ್ಯಾಡ" ಅಂದಾರೆ. ಬಾಯಿಮಾತಿನಾಗ. ಕಾಗದದಾಗ ಅಲ್ಲ.

ನನ್ನ ಮೊದಲ ತಕರಾರು ಆ "ಬೇಡಿಕೊಳ್ಳುತ್ತೇನೆ" ಅನ್ನೋ ಪದದ ಮೇಲೆ. ಈ ಹುಡುಗಿ ಯಾರ ದಾನ ಕೇಳ್ತಿದ್ದಾಳೆ? ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇರೋ ಯೋಜನೆ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಾಗ ಇದ್ದ ಕಾಲದ್ದು. ಇವತ್ತು ಅದರ ಖರ್ಚಿನಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಮನೆಯ ವರ್ಷದ ಆದಾಯ ಎರಡೂವರೆ ಲಕ್ಷದ ಒಳಗಿದ್ದರೆ, ವಾಪಸ್ ಬರದ ಕಡ್ಡಾಯ ಶುಲ್ಕವನ್ನೂ ನಿರ್ವಹಣಾ ಭತ್ಯೆಯನ್ನೂ ಸರ್ಕಾರ ಕೊಡಬೇಕು. ಅಂದ್ರೆ ಈ ಬಾಕಿಯಲ್ಲಿ ದೊಡ್ಡ ಭಾಗ ಆಕೆಯ ಸಾಲವೇ ಅಲ್ಲ, ಸರ್ಕಾರ ಕೊಡಬೇಕಾದ ದುಡ್ಡು. ಅದು ತಡವಾಗಿ ಬರ್ತದೆ. ಆ ತಡವನ್ನ ಯಾರು ಹೊರಬೇಕು ಅನ್ನೋದೇ ಪ್ರಶ್ನೆ. ಈಗ ಹೊರ್ತಿರೋದು ಆಕೆಯ ಅವ್ವ, ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಗೆ. 62,000ಕ್ಕೆ ತಿಂಗಳಿಗೆ 1,860 ಬಡ್ಡಿ. ಎಂಟು ತಿಂಗಳು ತಡ ಆದ್ರೆ ಸುಮಾರು 15,000. ಈ ಬಡ್ಡಿಯನ್ನ ಯಾವ ವಿದ್ಯಾರ್ಥಿವೇತನವೂ ಕೊಡೋದಿಲ್ಲ. ಕಂತು ಕೇಳೋದು ಅಂದ್ರೆ ಈ ಬಡ್ಡಿಯಿಂದ ತಪ್ಪಿಸ್ಕೊಳ್ಳೋದು, ಅಷ್ಟೇ. ಅದಕ್ಕೆ ಕೃಪೆ ಅಂತ ಯಾಕೆ ಹೆಸರು?

2021ರ ಕೇಂದ್ರದ ಮಾರ್ಗಸೂಚಿಯಲ್ಲಿ "ಫ್ರೀಶಿಪ್ ಕಾರ್ಡ್" ಅಂತ ಒಂದು ಐತಿ. ಅರ್ಹ ವಿದ್ಯಾರ್ಥಿ ಅದನ್ನ ತೋರಿಸಿ, ಬೋಧನಾ ಶುಲ್ಕ ಮತ್ತು ಹಾಸ್ಟೆಲ್ ಶುಲ್ಕ ಮುಂಗಡ ಕಟ್ಟದೆ ಸೇರಬಹುದು. ಹಣ ತನ್ನ ಖಾತೆಗೆ ಬಂದ ಮೇಲೆ ಕಾಲೇಜಿಗೆ ಕಟ್ಟಬೇಕು. ನಾನು ನೋಡಿದ ಹುಡುಗಿಯರಲ್ಲಿ ಒಬ್ಬರ ಕೈಯಾಗೂ ಆ ಕಾರ್ಡ್ ಇರಲಿಲ್ಲ. ಆದರೂ ಅದರ ತತ್ವ ಪತ್ರದಾಗ ಬರೀಬಹುದು: ಮೊದಲು ಓದು, ಹಣ ಬಂದ ಮೇಲೆ ಕಟ್ಟು.

ಮಿತಿಯನ್ನೂ ಹೇಳಿಬಿಡ್ತೀನಿ, ಸುಳ್ಳು ಭರವಸೆ ಬೇಡ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಈ ಯೋಜನೆ ಇಲ್ಲ. ಏಜೆಂಟ್ ಮಾತು ಕೇಳಿ ಸೇರೋ ಮೊದಲು ಸೀಟು ಯಾವ ಕೋಟಾ ಅಂತ ಕೇಳ್ರಿ. ಡಿಪಾಸಿಟ್ ಥರದ ವಾಪಸ್ ಬರೋ ಹಣವೂ ಇದರಾಗ ಬರೋದಿಲ್ಲ.

ಈಗ ಪೋಸ್ಟಿಂಗಿನ ವಿಷಯ. "ಫೀಸು ಕಟ್ಟೋತನಕ ಹೊರಗಿರು" ಅನ್ನೋದು ಬಿಎ ಓದೋ ಹುಡುಗನಿಗೆ ಹೇಳೋದಕ್ಕೂ ನರ್ಸಿಂಗ್ ಹುಡುಗಿಗೆ ಹೇಳೋದಕ್ಕೂ ಭಾಳ ಫರಕು ಐತಿ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದ ಪ್ರಕಾರ ಪರೀಕ್ಷೆಗೆ ಕೂರೋಕೆ ಥಿಯರಿಯಲ್ಲೂ ಪ್ರಾಕ್ಟಿಕಲ್‌ನಲ್ಲೂ ಶೇ 80 ಹಾಜರಿ ಬೇಕು. ಪದವಿ ಕೈಗೆ ಸಿಗೋ ಮೊದಲು ಕ್ಲಿನಿಕಲ್ ಹಾಜರಿ ಪೂರ್ತಿ ಶೇ 100 ಆಗಿರಬೇಕು. ವಾರ್ಡಿನಾಗ ತಪ್ಪಿದ ಒಂದೊಂದು ಗಂಟೆನೂ ಮತ್ತೆ ತುಂಬಿ ಕೊಡಬೇಕು. ದಿನಕ್ಕೆ ಎಂಟು ಗಂಟೆ ಪೋಸ್ಟಿಂಗ್ ಅಂತ ಹಿಡೀರಿ. ಹತ್ತು ದಿನ ಹೊರಗಿಟ್ಟರೆ 80 ಗಂಟೆ. ಅದನ್ನ ಯಾವಾಗ ತುಂಬಬೇಕು? ರಜೆಯಾಗ. ಅದೇ ರಜೆಯಾಗ ಅವಳು ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಿ ಮುಂದಿನ ಕಂತಿಗೆ ದುಡ್ಡು ಮಾಡಬೇಕಿತ್ತು. ಹಣ ಇಲ್ಲ ಅಂತ ಹೊರಗೆ ಹಾಕಿದರು, ಹೊರಗೆ ಹಾಕಿದ್ದಕ್ಕೆ ಹಣ ದುಡಿಯೋ ದಾರಿನೂ ಹೋಯ್ತು. ಶುಲ್ಕದ ಬಾಕಿ ಹಾಜರಿಯ ಬಾಕಿ ಆಗ್ತದೆ. ಅದಾದ ಮೇಲೆ ಪತ್ರದಾಗ "ಹಾಜರಾತಿ ಕೊರತೆ" ಅಂತ ಇರ್ತದೆ, ಫೀಸಿನ ಹೆಸರೇ ಇರೋದಿಲ್ಲ. ಹುಡುಗಿ ಸೋಮಾರಿ ಅಂತ ದಾಖಲೆ.

ಅದಕ್ಕೇ ಕಂತಿನ ಪತ್ರದಲ್ಲಿ ದುಡ್ಡಿಗಿಂತ ಮುಖ್ಯ ಸಾಲು ಇದು: "ಈ ಅವಧಿಯಲ್ಲಿ ತರಗತಿ, ಕ್ಲಿನಿಕಲ್ ಪೋಸ್ಟಿಂಗ್ ಮತ್ತು ಪರೀಕ್ಷೆಗೆ ಅವಕಾಶ ಮುಂದುವರಿಸಬೇಕು." ಇದನ್ನ ಯಾರೂ ಬರೆಯೋದಿಲ್ಲ. ಬರೀರಿ.

ಇನ್ನೊಂದು ವಿಷಯ ಎಸ್‌ಎಸ್‌ಪಿ ಅರ್ಜಿ. ಪತ್ರ ನೋಡಿದ ಕೂಡಲೇ ನಾನು ಕೇಳಿದ್ದು, "ಯವ್ವಾ, ಅರ್ಜಿ ಎಲ್ಲಿ ನಿಂತೈತಿ?" ಅವಳಿಗೆ ಗೊತ್ತಿರಲಿಲ್ಲ. ಅರ್ಜಿ ಹಾಕೀನಿ ಅಂತಷ್ಟೇ ಗೊತ್ತು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿ ಅರ್ಜಿ ತುಂಬಿದ ಮೇಲೆ ಅದು ಸೀದಾ ಸಮಾಜ ಕಲ್ಯಾಣ ಇಲಾಖೆಗೆ ಹೋಗೋದಿಲ್ಲ. ನಡುವೆ ಕಾಲೇಜಿನ ಲಾಗಿನ್‌ನಲ್ಲಿ ಪರಿಶೀಲನೆ ಆಗಬೇಕು. ಆಮೇಲೆ ಇಲಾಖೆ, ಆಮೇಲೆ ಆಧಾರ್ ಜೋಡಣೆ ಆದ ಬ್ಯಾಂಕ್ ಖಾತೆಗೆ ಹಣ. ಸ್ಟೇಟಸ್ ತೆಗೆದು ನೋಡಿದ್ವಿ. ಕಾಲೇಜಿನ ಹಂತದಾಗೇ ಬಾಕಿ ತೋರಿಸ್ತಿತ್ತು. ಅಂದ್ರೆ ಫೀಸು ತಡ ಆಯ್ತು ಅಂತ ಹುಡುಗಿಯನ್ನ ಹೊರಗೆ ನಿಲ್ಲಿಸಿದ ಅದೇ ಕಟ್ಟಡದಾಗ, ಆ ಫೀಸು ಬರೋ ದಾರಿಯ ಬೀಗದ ಕೈ ಟೇಬಲ್ ಮೇಲೆ ಬಿದ್ದಿತ್ತು!

ಎಲ್ಲಾ ಸಲ ಕಾಲೇಜಿನದೇ ತಪ್ಪು ಅಂತ ನಾನು ಹೇಳ್ತಿಲ್ಲ. ಎಷ್ಟೋ ಸಲ ಖಾತೆಗೆ ಆಧಾರ್ ಜೋಡಣೆ ಆಗಿರೋದಿಲ್ಲ. ಎಷ್ಟೋ ಸಲ ಸರ್ಕಾರವೇ ಬಿಡುಗಡೆ ಮಾಡಿರೋದಿಲ್ಲ. ಮೂರೂ ಬೇರೆ ಬೇರೆ ರೋಗ, ಮದ್ದೂ ಬೇರೆ. ಸ್ಟೇಟಸ್ ನೋಡದೆ ಪತ್ರ ಬರೆದರೆ ತಪ್ಪು ಬಾಗಿಲು ಬಡಿದಂಗೆ.

"ನಾವು ಸಂಬಳ ಕೊಡಬೇಕಲ್ಲ ಸರ್, ಸರ್ಕಾರ ತಡ ಮಾಡಿದ್ರೆ ನಾವೇನು ಮಾಡೋಣ" ಅಂತ ಆಡಳಿತ ಮಂಡಳಿಯವರು ಕೇಳ್ತಾರೆ. ಕೇಳೋ ಮಾತೇ. ಹಂಗಿದ್ರೆ ಅವರೂ ಇಲಾಖೆಗೆ ಪತ್ರ ಬರೀಲಿ, ಪರಿಶೀಲನೆ ವಾರದಾಗ ಮುಗಿಸಲಿ, ನಮ್ಮ ಜೊತೆ ಡಿಸಿ ಆಫೀಸಿಗೆ ಬರಲಿ. ತಡ ಮಾಡಿದವರನ್ನ ಬಿಟ್ಟು ಹದಿನೆಂಟರ ಹುಡುಗಿಯನ್ನ ಹಿಡಿಯೋದು ಸುಲಭ ಅಂತ ಹಿಡೀತಾರೆ, ಅಷ್ಟೇ.

ಹಳೇ ಪತ್ರ ಬದಿಗಿಟ್ಟು ಅವಳೇ ಹೊಸದಾಗಿ ಬರೆದಳು. ನಾನು ಲೆಕ್ಕ ಮಾತ್ರ ಕೇಳಿದೆ. ಅವಳ ಒಪ್ಪಿಗೆ ತಗೊಂಡು ಹಾಕ್ತಿದ್ದೀನಿ:

"ಮಾನ್ಯ ಪ್ರಾಂಶುಪಾಲರೇ, ವಿಷಯ: ಬಾಕಿ ಶುಲ್ಕವನ್ನು ಮೂರು ಕಂತುಗಳಲ್ಲಿ ಪಾವತಿಸಲು ಅನುಮತಿ ಕೋರಿ. ನಾನು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಈ ವರ್ಷದ ಶುಲ್ಕ ರೂ. 80,000. ಪಾವತಿಸಿದ್ದು ರೂ. 18,000, ರಸೀದಿ ಪ್ರತಿ ಲಗತ್ತಿಸಿದೆ. ಬಾಕಿ ರೂ. 62,000. ಇದರಲ್ಲಿ ರೂ. 12,000ವನ್ನು ಡಿಸೆಂಬರ್ 31ರೊಳಗೆ, ರೂ. 15,000ವನ್ನು ಮಾರ್ಚ್ 15ರೊಳಗೆ, ಉಳಿದ ರೂ. 35,000ವನ್ನು ವಿದ್ಯಾರ್ಥಿವೇತನ ನನ್ನ ಖಾತೆಗೆ ಜಮೆಯಾದ ಏಳು ದಿನಗಳೊಳಗೆ ಪಾವತಿಸುತ್ತೇನೆ. ನನ್ನ ಎಸ್‌ಎಸ್‌ಪಿ ಅರ್ಜಿ ಕಾಲೇಜು ಪರಿಶೀಲನೆಯ ಹಂತದಲ್ಲಿದೆ. ಅದನ್ನು ಪೂರ್ಣಗೊಳಿಸಲು ಕೋರುತ್ತೇನೆ. ಈ ಅವಧಿಯಲ್ಲಿ ತರಗತಿ, ಕ್ಲಿನಿಕಲ್ ಪೋಸ್ಟಿಂಗ್ ಮತ್ತು ಪರೀಕ್ಷೆಗೆ ಅವಕಾಶ ಮುಂದುವರಿಸಬೇಕಾಗಿ ವಿನಂತಿ. ತಮ್ಮ ನಿರ್ಧಾರವನ್ನು ಲಿಖಿತವಾಗಿ ತಿಳಿಸಲು ಕೋರುತ್ತೇನೆ."

ದಿನಾಂಕ ನೋಡ್ರಿ. ಡಿಸೆಂಬರ್ ಕೊನೆ ಅಂದ್ರೆ ಭತ್ತದ ಕೊಯ್ಲು ಮುಗಿದು ಕೂಲಿ ಕೈಗೆ ಬರೋ ಹೊತ್ತು. ಮಾರ್ಚ್ ಮಧ್ಯ ಅಂದ್ರೆ ಮೆಣಸಿನಕಾಯಿ ಬಿಡಿಸಿ ಬ್ಯಾಡಗಿ ಮಾರುಕಟ್ಟೆಗೆ ಚೀಲ ಹೋಗೋ ಹೊತ್ತು. ಮನೆಗೆ ದುಡ್ಡು ಬರೋ ದಿನಕ್ಕೆ ಕಂತು ಇಟ್ಟರೆ ಕಟ್ಟೋಕಾಗ್ತದೆ. ಕಾಲೇಜು ಹೇಳಿದ "ತಿಂಗಳಿಗೊಂದು ಕಂತು" ಒಪ್ಪಿಕೊಂಡರೆ ಎರಡನೇ ತಿಂಗಳಿಗೇ ತಪ್ಪಿ, ಮಾತಿಗೆ ತಪ್ಪಿದವಳು ಅನ್ನಿಸ್ಕೊಬೇಕಾಗ್ತದೆ.

ಪತ್ರ ಎರಡು ಪ್ರತಿ. ಒಂದು ಆಫೀಸಿಗೆ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು, ಆವಕ ಸಂಖ್ಯೆ. ಸೀಲು ಹಾಕೋದಿಲ್ಲ ಅಂದ್ರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡ್ರಿ. ಪ್ರತಿ ಕಂತಿಗೂ ರಸೀದಿ. ರಸೀದಿ ಇಲ್ಲದೆ "ಇತರೆ" ಅಂತ ಕೇಳಿದರೆ ಅದು ಯಾವ ಬಾಬ್ತು ಅಂತ ಬರೆದು ಕೇಳ್ರಿ. ನಿಗದಿಗಿಂತ ಹೆಚ್ಚು ವಸೂಲಿ ಮಾಡೋದು 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯಡಿ ಅಪರಾಧ. ಬಾಕಿಗೆ ಅಡ ಅಂತ ಮೂಲ ಅಂಕಪಟ್ಟಿ ಇಟ್ಕೊಂಡರೆ, ಅದನ್ನ ಮಾಡಬಾರದು ಅಂತ ಯುಜಿಸಿ 2018ರಲ್ಲೇ ಹೇಳೈತಿ.

ಈಗ ನಮ್ಮೋರಿಗೇ ಒಂದು ಮಾತು. ಬೇಜಾರಾದ್ರೂ ಪರವಾಗಿಲ್ಲ. ಇಂಥ ಹುಡುಗಿ ಬಂದಾಗ ನಮ್ಮ ಮುಖಂಡರು ಮಾಡೋದೇನು? "ಬಿಡವ್ವ, ಪ್ರಿನ್ಸಿಪಾಲರು ನಮಗೆ ಗೊತ್ತದಾರ, ಫೋನ್ ಹಚ್ತೀನಿ." ಫೋನ್ ಆಗ್ತದೆ, ಹದಿನೈದು ದಿನ ಗಡುವು ಸಿಗ್ತದೆ, ಮುಖಂಡರಿಗೆ ಒಂದು ಸೆಲ್ಫಿ. ಹದಿನಾರನೇ ದಿನ? ಫೋನಿಗೆ ಆವಕ ಸಂಖ್ಯೆ ಇಲ್ಲ. ಪರೀಕ್ಷೆ ಹೊತ್ತಿಗೆ ಪ್ರಿನ್ಸಿಪಾಲ್ ಬದಲಾದರೆ ಆ ಮಾತೂ ಹೋಯ್ತು. ಫೋನಿನಿಂದ ಸಿಕ್ಕಿದ್ದು ಮುಖಂಡನ ಉಪಕಾರ. ಪತ್ರದಿಂದ ಸಿಕ್ಕಿದ್ದು ಹುಡುಗಿಯ ದಾಖಲೆ. ಪಕ್ಕದ ಬೆಂಚಿನ ಹುಡುಗಿಗೂ ಅದೇ ದಾಖಲೆ ದಾರಿ ತೋರಿಸ್ತದೆ.

ದಾಖಲೆಯ ಬೆಲೆ ಏನು ಅಂತ 2024ರಲ್ಲಿ ಇಡೀ ದೇಶ ನೋಡಿತು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಅತುಲ್ ಕುಮಾರ್, ದಿನಗೂಲಿ ಮಾಡೋ ದಲಿತ ಅಪ್ಪನ ಮಗ. ಧನಬಾದ್ ಐಐಟಿ ಸೀಟಿಗೆ 17,500 ರೂಪಾಯಿ ಹೊಂದಿಸಿ ಕಟ್ಟೋಕೆ ಹೋಗೋದ್ರೊಳಗೆ ಗಡುವಿನ ಹೊತ್ತು ಮೀರಿತು. ಸೀಟು ಹೋಯ್ತು. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಸಂವಿಧಾನದ 142ನೇ ವಿಧಿ ಬಳಸಿ ಅವನನ್ನ ಸೇರಿಸಿಕೊಳ್ಳೋಕೆ ಆದೇಶ ಮಾಡಿತು. 17,500ಕ್ಕೆ ಸುಪ್ರೀಂ ಕೋರ್ಟಿನತನಕ! ಅವನು ಲಾಗಿನ್ ಆಗಿದ್ದು, ಕಟ್ಟೋಕೆ ಪ್ರಯತ್ನ ಮಾಡಿದ್ದು ತೋರಿಸೋಕಾಯ್ತು. ನಮ್ಮ ಸಿರುಗುಪ್ಪದ ಹುಡುಗಿ ದಿಲ್ಲಿತನಕ ಹೋಗೋಕಾಗೋದಿಲ್ಲ. ಅವಳ ಹತ್ರ ಸೀಲು ಬಿದ್ದ ಒಂದು ಪ್ರತಿಯಾದ್ರೂ ಇರಲಿ.

ಪತ್ರ ಕೊಟ್ಟು ಆವಕ ಸಂಖ್ಯೆ ತಗೊಂಡಿದ್ದಾಳೆ. ಪೋಸ್ಟಿಂಗಿಗೆ ಹೋಗ್ತಿದ್ದಾಳೆ. ಲಿಖಿತ ಉತ್ತರ ಇನ್ನೂ ಬಂದಿಲ್ಲ. ಎಸ್‌ಎಸ್‌ಪಿಯಲ್ಲಿ ಕಾಲೇಜಿನ ಹಂತ ದಾಟಿದೆ, ಈಗ ಇಲಾಖೆಯ ಟೇಬಲ್ ಮೇಲೆ. ಮುಂದಿನ ಪತ್ರ ಅಲ್ಲಿಗೆ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಇದೇ ಕಷ್ಟದಾಗ ಇರೋ ಹುಡುಗಿಯರು ನನಗೆ ಮೆಸೇಜ್ ಮಾಡ್ರಿ. ಬರೋವಾಗ ಮೂರು ತರ್ರಿ: ಕಟ್ಟಿದ ರಸೀದಿ, ಎಸ್‌ಎಸ್‌ಪಿ ಸ್ಟೇಟಸ್, ಮನೆಗೆ ಕೂಲಿ ಯಾವ ತಿಂಗಳು ಬರ್ತದೆ ಅನ್ನೋ ಲೆಕ್ಕ. ಕಣ್ಣೀರು ತರಬ್ಯಾಡ್ರಿ, ಅದು ನಮ್ಮ ಮನ್ಯಾಗೂ ಬೇಕಾದಷ್ಟು ಐತಿ.

ಜೈ ಭೀಮ್.