ಕಾಶಿಗೆ ಹೋದ ಗುಮಾಸ್ತರ ಲೆಕ್ಕ: ಟಿಕೆಟ್ಟಿಗೆ ಮಾಫಿ, ಹೋಟೆಲಿಗೆ ತೆರಿಗೆ

ತುಮಕೂರು ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಬೆಂಗಳೂರು ಬಸ್ಸಿಗೆ ಕಾಯುವ ನೌಕರರ ಬಾಯಲ್ಲಿ ಒಂದೇ ಮಾತು. "ಕಂಪನಿಯವರು ಪ್ರಯಾಣಕ್ಕೆ ಅಂತ ಕೊಟ್ಟ ದುಡ್ಡಿಗೂ ತೆರಿಗೆ ಹಿಡಿದಿದ್ದಾರಲ್ಲ ಸ್ವಾಮಿ, ಇದ್ಯಾವ ನ್ಯಾಯ?" ನ್ಯಾಯವೋ ಅನ್ಯಾಯವೋ ಆಮೇಲೆ ನೋಡೋಣ. 2025-26ರ ಸಂಬಳಕ್ಕೆ ಕಾನೂನು ಏನು ಹೇಳುತ್ತದೆ ಅಂತ ಮೊದಲು ತಿಳಿಯೋಣ.

ಪ್ರಯಾಣದ ದುಡ್ಡು ಅಂದರೆ ಒಂದಲ್ಲ, ಮೂರು ಬಗೆ. ಕಂಪನಿ ಕೆಲಸದ ಮೇಲೆ ಊರೂರು ತಿರುಗುವಾಗ ಕೊಡುವ ಟಿ.ಎ. ಮೊದಲನೆಯದು. ಅದರಲ್ಲಿ ನಿಜವಾಗಿ ಖರ್ಚಾದಷ್ಟಕ್ಕೆ ತೆರಿಗೆ ಇಲ್ಲ. 3,000 ರೂಪಾಯಿ ಕೊಟ್ಟು, ಬಸ್ಸು, ಊಟ, ವಸತಿಗೆ 2,200 ಆಗಿದ್ದರೆ, ಜೇಬಲ್ಲಿ ಉಳಿದ 800 ಸಂಬಳಕ್ಕೆ ಸೇರುತ್ತದೆ. ಎರಡನೆಯದು ಮನೆಯಿಂದ ಕಚೇರಿಗೆ ದಿನವೂ ಓಡಾಡಲು ಕೊಡುವ ಭತ್ಯೆ. ಇದಕ್ಕೆ ಹಿಂದೆ ತಿಂಗಳಿಗೆ 1,600 ರೂಪಾಯಿವರೆಗೆ ಮಾಫಿ ಇತ್ತು. 2018-19ರಿಂದ ಅದು ಹೋಯ್ತು, ಬದಲಿಗೆ ಎಲ್ಲ ಸಂಬಳದಾರರಿಗೂ ಒಂದು ಇಡಿಗಂಟಿನ ಕಡಿತ ಬಂತು. ಹೀಗಾಗಿ ದಿನದ ಪಾಸಿನ ದುಡ್ಡು ಪೂರ್ತಿ ತೆರಿಗೆಗೆ ಒಳಪಟ್ಟದ್ದೇ. ಅಂಗವಿಕಲ ನೌಕರರಿಗೆ ಮಾತ್ರ ತಿಂಗಳಿಗೆ 3,200ರವರೆಗೆ ವಿನಾಯಿತಿ ಉಂಟು.

ಜಗಳವೆಲ್ಲ ಮೂರನೆಯದರ ಮೇಲೆ. ರಜೆಯಲ್ಲಿ ಸಂಸಾರ ಸಮೇತ ಹೋಗಿಬರಲು ಕೊಡುವ ಎಲ್.ಟಿ.ಎ. ಇದಕ್ಕೆ ಮಾಫಿ ಸಿಗುವುದು ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ತಾವಾಗಿ ಬೇಡ ಅನ್ನದಿದ್ದರೆ ಎಲ್ಲರೂ ಹೊಸ ಪದ್ಧತಿಗೇ ಬೀಳುತ್ತಾರೆ, ಅಲ್ಲಿ ಎಲ್.ಟಿ.ಎ. ಪೂರ್ತಿ ಸಂಬಳವೇ. ಆದರೆ ಹೊಸ ಪದ್ಧತಿಯಲ್ಲಿ ಕಡಿತ ಕಳೆದು 12 ಲಕ್ಷದೊಳಗೆ ಆದಾಯ ಇರುವ ಸಂಬಳದಾರರಿಗೆ ತೆರಿಗೆಯೇ ಬರುವುದಿಲ್ಲ. ಅಂಥವರು ಇದಕ್ಕಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ.

ಈಗ ಒಂದು ಲೆಕ್ಕ ನೋಡಿ. ಗೃಹಸಾಲದ ಬಡ್ಡಿ, ಮನೆ ಬಾಡಿಗೆ, ವಿಮೆ ಎಂದು ವಜಾ ಜಾಸ್ತಿ ಇದ್ದುದರಿಂದ ಹಳೇ ಪದ್ಧತಿಯಲ್ಲೇ ಉಳಿದ ಒಬ್ಬ ಗುಮಾಸ್ತರು ಇದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಎಲ್.ಟಿ.ಎ. ಬಂದದ್ದು 40,000. ಹೆಂಡತಿ, ಇಬ್ಬರು ಮಕ್ಕಳ ಜೊತೆ ರೈಲಿನಲ್ಲಿ ಕಾಶಿಗೆ ಹೋಗಿ ಬಂದರು. ಹೋಗಿಬರುವ ಟಿಕೆಟ್ 19,000. ಹೋಟೆಲು, ಊಟ, ದೋಣಿ, ಅಲ್ಲಿನ ಟ್ಯಾಕ್ಸಿ ಎಲ್ಲ ಸೇರಿ 21,000. ಪೂರ್ತಿ 40,000 ಖರ್ಚಾಯ್ತಲ್ಲ ಅಂತ ಅವರ ಸಮಾಧಾನ.

ಕಾನೂನಿನ ಕಣ್ಣಿಗೆ ಬೀಳುವುದು ಟಿಕೆಟ್ ಮಾತ್ರ. 19,000 ಮಾಫಿ, ಮಿಕ್ಕ 21,000 ಸಂಬಳಕ್ಕೆ ಜಮೆ. ಶೇಕಡ 20ರ ದರ, ಅದರ ಮೇಲೆ ಶೇಕಡ 4 ಸೆಸ್ ಹಾಕಿದರೆ 4,368 ರೂಪಾಯಿ ತೆರಿಗೆ. ಹಾಗಂತ ಎಷ್ಟು ದುಬಾರಿ ಟಿಕೆಟ್ ತೆಗೆದರೂ ಪೂರ್ತಿ ಮಾಫಿ ಇಲ್ಲ. ರೈಲಿಗೆ ಹತ್ತಿರದ ದಾರಿಯ ಎ.ಸಿ. ಫಸ್ಟ್ ಕ್ಲಾಸ್ ದರ, ವಿಮಾನಕ್ಕೆ ಎಕಾನಮಿ ದರ, ಅಷ್ಟೇ ಮಿತಿ. ಟಿಕೆಟ್ಟಿಗೆ ಎಲ್.ಟಿ.ಎ.ಗಿಂತ ಹೆಚ್ಚು ಆದರೂ, ಕಂಪನಿ ಕೊಟ್ಟಷ್ಟಕ್ಕೇ ಮಾಫಿ.

ಪ್ರತಿ ವರ್ಷವೂ ಇದು ಸಿಗುವುದಿಲ್ಲ. ನಾಲ್ಕು ಕ್ಯಾಲೆಂಡರ್ ವರ್ಷಕ್ಕೆ ಎರಡು ಪ್ರಯಾಣ. 2022ರಿಂದ 2025ರ ಕಂತು ಮುಗಿದಿದೆ. ಅದರಲ್ಲಿ ಬಾಕಿ ಉಳಿಸಿಕೊಂಡವರು ಒಂದು ಪ್ರಯಾಣವನ್ನು 2026ರಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಅದು ಹೋದಂತೆಯೇ.

ವಿದೇಶ ಯಾತ್ರೆಗಂತೂ ಮಾಫಿಯೇ ಇಲ್ಲ. ಸ್ಟೇಟ್ ಬ್ಯಾಂಕ್ ನೌಕರರು ದೆಹಲಿಯಿಂದ ಮದುರೆಗೆ ಹೊರಟು, ಕೊಲಂಬೊ, ಕೌಲಾಲಂಪುರ, ಸಿಂಗಪುರ ಸುತ್ತಿ ದೆಹಲಿಗೆ ಬಂದರು. ನಾವು ಕೇಳಿದ್ದು ದೇಶದೊಳಗಿನ ಊರಿನ ದರವಷ್ಟೇ ಅಂತ ವಾದ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತೆರಿಗೆ ಹಿಡಿಯದೆ ಹಣ ಕೊಟ್ಟ ಬ್ಯಾಂಕಿನದೇ ತಪ್ಪು ಅಂತ ತೀರ್ಪಾಯ್ತು. ಅದಕ್ಕೇ ಈಗ ಲೆಕ್ಕದ ಶಾಖೆಯವರು ಟಿಕೆಟ್ಟು, ಬೋರ್ಡಿಂಗ್ ಪಾಸು ಕೇಳುವುದು. ಸುಮ್ಮನೆ ಸತಾಯಿಸುವುದಕ್ಕಲ್ಲ.

ಇನ್ನು ಊರಲ್ಲಿ ನಡೆದಿರುವ ಇನ್ನೊಂದು ಚಾಳಿ. ಹೋಗದ ಊರಿಗೆ ಟ್ಯಾಕ್ಸಿ ಬಿಲ್ಲು. ಬಿಲ್ಲು ಬರೆದುಕೊಡುವ ಅಂಗಡಿಯವರೂ ಇದನ್ನು ಕೇಳಿಸಿಕೊಳ್ಳಲಿ. ಸುಳ್ಳು ಲೆಕ್ಕ ತೋರಿಸಿದ್ದು ಸಿಕ್ಕಿಬಿದ್ದರೆ ಉಳಿಸಿದ ತೆರಿಗೆಯ ಎರಡರಷ್ಟು ದಂಡ. ನಮ್ಮ ಗುಮಾಸ್ತರು 4,368 ಉಳಿಸಲು ಹೋಗಿದ್ದರೆ ದಂಡವೇ 8,736, ಮೇಲೆ ಅಸಲು ತೆರಿಗೆ, ಬಡ್ಡಿ. ಅಷ್ಟು ದುಡ್ಡಿಗೆ ಸಂಸಾರವನ್ನು ಧರ್ಮಸ್ಥಳಕ್ಕೆ ನಿಜವಾಗಿಯೇ ಕರೆದುಕೊಂಡು ಹೋಗಿ ಬರಬಹುದಿತ್ತು.